60 ದಾಟಿದ ಅಪ್ಪನ ದುಡ್ಡು: ಎಸ್‌ಸಿಎಸ್‌ಎಸ್‌ಗೆ ಹಾಕೋದಾ, ಪೆನ್ಷನ್ ಪಾಲಿಸಿ ತಗೊಳ್ಳೋದಾ?

ಪ್ರಶ್ನೆ: ಅಪ್ಪ ಹೋದ ತಿಂಗಳು 60ಕ್ಕೆ ರಿಟೈರ್ ಆದ್ರು. ಪ್ರೈವೇಟ್ ಫ್ಯಾಕ್ಟರಿ, ಪಿಎಫ್ ಗ್ರಾಚ್ಯುಟಿ ಎಲ್ಲ ಸೇರಿ 40 ಲಕ್ಷ ಬಂದಿದೆ. ಇಪಿಎಸ್ ಪೆನ್ಷನ್ 3 ಸಾವಿರನೂ ಇಲ್ಲ. ಅಮ್ಮಂಗೆ 56. ಪರಿಚಯದ ಏಜೆಂಟ್ ಒಬ್ರು ಪೂರ್ತಿ ಪೆನ್ಷನ್ ಪಾಲಿಸಿಗೆ ಹಾಕಿ, ಬದುಕಿರೋವರೆಗೂ ಬರತ್ತೆ, ಅಸಲೂ ಮಕ್ಕಳಿಗೆ ವಾಪಸ್ ಸಿಗತ್ತೆ ಅಂತಿದಾರೆ. ಸೀನಿಯರ್ ಸಿಟಿಜನ್‌ಗಳಿಗೆ ಅಂತ ಇರೋ ಸರ್ಕಾರಿ ಉಳಿತಾಯ ಸ್ಕೀಮ್ ಎಸ್‌ಸಿಎಸ್‌ಎಸ್ ಒಳ್ಳೇದಾ, ಇದಾ?

ಉತ್ತರ:

ಪೂರ್ತಿ 40 ಲಕ್ಷ ಪಾಲಿಸಿಗೆ ಹಾಕಬೇಡಿ. ಈಗ 30 ಲಕ್ಷ ಎಸ್‌ಸಿಎಸ್‌ಎಸ್, 9 ಲಕ್ಷ ಪೋಸ್ಟ್ ಆಫೀಸಲ್ಲಿ ತಿಂಗಳು ತಿಂಗಳು ಬಡ್ಡಿ ಕೊಡೋ ಎಂಐಎಸ್ ಸ್ಕೀಮ್, ಮಿಕ್ಕಿದ್ದು ಎಸ್‌ಬಿ ಅಕೌಂಟಲ್ಲಿ ಇಟ್ಕೊಳ್ಳಿ. ಪೆನ್ಷನ್ ಪಾಲಿಸಿ ವಿಷಯ ಅಪ್ಪಂಗೆ 70ರ ಹತ್ರ ಬಂದಾಗ ಮತ್ತೆ ಯೋಚನೆ ಮಾಡಿ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ನಮ್ಮನೇಲಿ ಇದೇ ಲೆಕ್ಕ ಎರಡು ಸಲ ಕೂತು ಹಾಕಿದೀವಿ, ಒಂದ್ಸಲ ನಮ್ಮಪ್ಪನಿಗೆ, ಒಂದ್ಸಲ ನಮ್ಮ ಸೋದರತ್ತೆಗೆ, ಎರಡೂ ಕಡೆ ಬಂದ ಉತ್ತರ ಬೇರೆ ಬೇರೆ.

ಮೊದಲು ಕೈಗೆ ಎಷ್ಟು ಬರತ್ತೆ ನೋಡೋಣ. ಎಸ್‌ಸಿಎಸ್‌ಎಸ್ ಬಡ್ಡಿ 2023ರ ಏಪ್ರಿಲ್‌ನಿಂದ 8.2 ಪರ್ಸೆಂಟ್ ಇದೆ, ಲಿಮಿಟ್ಟೂ ಅವಾಗ್ಲೇ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ರು. 30 ಲಕ್ಷಕ್ಕೆ ಮೂರು ತಿಂಗಳಿಗೊಂದ್ಸಲ 61,500 ಬರತ್ತೆ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಶುರುವಲ್ಲಿ. ತಿಂಗಳಿಗೆ ಹಂಚಿದ್ರೆ 20,500. ಎಂಐಎಸ್‌ಗೆ 7.4 ಪರ್ಸೆಂಟ್, ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿ ಆದ್ರೆ 15 ಲಕ್ಷದವರೆಗೆ ಇಡಬಹುದು, 9 ಲಕ್ಷಕ್ಕೆ ಪ್ರತಿ ತಿಂಗಳೂ 5,550. ಎರಡೂ ಸೇರಿ ತಿಂಗಳಿಗೆ 26,050 ಆಯ್ತು. ಎಸ್‌ಸಿಎಸ್‌ಎಸ್ ದುಡ್ಡು ಮೂರು ತಿಂಗಳಿಗೊಮ್ಮೆ ಬರೋದ್ರಿಂದ ಮಧ್ಯ ಕೈ ಬಿಗಿ ಆಗತ್ತೆ, ಅದಕ್ಕೇ ಎಂಐಎಸ್ ಜೊತೇಲಿ ಇರ್ಲಿ ಅಂದಿದ್ದು, ಹಾಲು ಕರೆಂಟು ಮಾತ್ರೆಗೆ ಅದು ತಿಂಗಳು ತಿಂಗಳು ಬರ್ತಾ ಇರತ್ತೆ.

ಈಗ ಪಾಲಿಸಿ. ಏಜೆಂಟ್ ಹೇಳಿರೋದು ಅಸಲು ವಾಪಸ್ ಬರೋ ಥರದ್ದು. 60 ವಯಸ್ಸಿನವ್ರಿಗೆ ಇದರಲ್ಲಿ ವರ್ಷಕ್ಕೆ ಸುಮಾರು ಆರೂವರೆ ಪರ್ಸೆಂಟ್ ಆಸುಪಾಸು ಬರತ್ತೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ. 40 ಲಕ್ಷ ಪೂರ್ತಿ ಹಾಕಿದ್ರೂ ತಿಂಗಳಿಗೆ 21,600ರ ಹತ್ರ. ಅಂದ್ರೆ ಪೋಸ್ಟ್ ಆಫೀಸಲ್ಲಿ 39 ಲಕ್ಷಕ್ಕೆ ಬರೋದಕ್ಕಿಂತ ನಾಲ್ಕೂವರೆ ಸಾವಿರ ಕಮ್ಮಿ, ಜೊತೆಗೆ ನಿಮ್ಮ ದುಡ್ಡು ನೀವು ಬೇಕಾದಾಗ ಸುಲಭವಾಗಿ ಮುಟ್ಟೋ ಹಾಗಿಲ್ಲ. ಸರಿಯಾಗಿ ನೋಡಿದ್ರೆ ಇದು ಜೀವನಪೂರ್ತಿ ಬೀಗ ಹಾಕಿದ ಒಂದು ಎಫ್‌ಡಿ ಅಷ್ಟೇ. ಮಕ್ಕಳಿಗೆ ಅಸಲು ವಾಪಸ್ ಅನ್ನೋ ಮಾತು ಕೇಳೋಕೆ ಹಿತ ಅನ್ಸತ್ತೆ, ಆದ್ರೆ ಎಸ್‌ಸಿಎಸ್‌ಎಸ್‌ನಲ್ಲೂ ಅಸಲು ನಾಮಿನಿಗೇ ತಾನೇ ಬರೋದು!

ಇನ್ನೊಂದು ಥರ ಇದೆ, ಅದನ್ನ ಏಜೆಂಟ್‌ಗಳು ಅಷ್ಟಾಗಿ ಹೇಳಲ್ಲ. ಅಸಲು ವಾಪಸ್ ಬರೋದೇ ಇಲ್ಲ, ಬದುಕಿರೋವರೆಗೆ ಪೆನ್ಷನ್, ಹೋದ್ಮೇಲೆ ಮುಗೀತು. ನಿಜವಾದ ಪೆನ್ಷನ್ ಪಾಲಿಸಿ ಅಂದ್ರೆ ಅದೇ, ಯಾಕಂದ್ರೆ ಬೇಗ ಹೋದವರ ದುಡ್ಡು ತುಂಬಾ ವರ್ಷ ಬದುಕಿದವ್ರಿಗೆ ಸೇರತ್ತೆ, ಆ ಅನುಕೂಲ ಯಾವ ಎಫ್‌ಡಿಲೂ ಇಲ್ಲ. ಆದ್ರೆ 60ಕ್ಕೇ ತಗೊಂಡ್ರೆ ಅದರಲ್ಲೂ ಎಂಟು ಎಂಟೂವರೆ ಪರ್ಸೆಂಟ್ ಆಸುಪಾಸು, ಅಂದ್ರೆ ಎಸ್‌ಸಿಎಸ್‌ಎಸ್ ಅಸಲನ್ನ ಹಾಗೇ ಇಟ್ಕೊಂಡು ಕೊಡೋದಕ್ಕೂ ಇವರು ಅಸಲು ನುಂಗಿ ಕೊಡೋದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅಪ್ಪನ ಜೊತೆ ಅಮ್ಮಂಗೂ ಸೇರಿಸಿ ಇಬ್ಬರ ಜೀವಕ್ಕೂ ಅಂತ ತಗೊಂಡ್ರೆ ರೇಟ್ ಇನ್ನೂ ಇಳಿಯತ್ತೆ, ಅಮ್ಮಂಗೆ ಬರೀ 56 ಅಲ್ವಾ, ಕಂಪನಿ ಇನ್ನೂ ತುಂಬಾ ವರ್ಷ ಕೊಡಬೇಕಾಗತ್ತೆ.

ಹಾಗಾದ್ರೆ ಎಸ್‌ಸಿಎಸ್‌ಎಸ್‌ನಲ್ಲಿ ತೊಂದ್ರೆನೇ ಇಲ್ವಾ ಅಂದ್ರೆ ಇದೆ, ಅದನ್ನ ನಾವು ಅನುಭವಿಸಿದೀವಿ. ನಮ್ಮಪ್ಪ 2015ರ ಜೂನ್‌ನಲ್ಲಿ 15 ಲಕ್ಷ ಇಟ್ರು, ಆವಾಗ 9.3 ಪರ್ಸೆಂಟ್, ಮೂರು ತಿಂಗಳಿಗೆ 34,875 ಬರ್ತಿತ್ತು. ಐದು ವರ್ಷ ಒಂದು ರೂಪಾಯಿ ಅಲ್ಲಾಡ್ಲಿಲ್ಲ, ಯಾಕಂದ್ರೆ ಇಟ್ಟ ದಿನದ ರೇಟೇ ಐದು ವರ್ಷಕ್ಕೂ. ಮೆಚೂರ್ ಆಗಿದ್ದು 2020ರ ಜೂನ್, ಕೊರೋನಾ ಟೈಮು, ಆ ಏಪ್ರಿಲ್‌ನಲ್ಲೇ ರೇಟನ್ನ 8.6ರಿಂದ 7.4ಕ್ಕೆ ಇಳಿಸಿಬಿಟ್ಟಿದ್ರು. ಮೂರು ವರ್ಷಕ್ಕೆ ಎಕ್ಸ್‌ಟೆಂಡ್ ಮಾಡಿಸಿದ್ವಿ, ಎಕ್ಸ್‌ಟೆನ್ಷನ್‌ಗೆ ಮೆಚೂರ್ ಆದ ದಿನದ ರೇಟ್ ಹಿಡೀತಾರೆ. ಅಕ್ಟೋಬರ್‌ನಲ್ಲಿ ಅಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದು, ಊಟದ ಟೇಬಲ್ ಮೇಲೆ ಬಿಡಿಸಿಟ್ಟು, ಹಳೇ ಎಂಟ್ರಿ ಕೆಳಗೆ ಹೊಸ 27,750 ಎಂಟ್ರಿ ಮೇಲೆ ಬೆರಳಿಟ್ಟು, ಇವ್ರು ಏನೋ ತಪ್ಪು ಹಾಕಿದಾರೆ ಕಣೋ ಅಂದ್ರು. ತಪ್ಪಲ್ಲ ಅಪ್ಪ, ರೇಟೇ ಅಷ್ಟು ಅಂತ ಹೇಳೋಕೆ ನಂಗೆ ತುಂಬಾ ಸಂಕಟ ಆಯ್ತು. ತಿಂಗಳಿಗೆ 2,375 ಕಮ್ಮಿ, ಅಮ್ಮನ ಬಿಪಿ ಶುಗರ್ ಮಾತ್ರೆ ಖರ್ಚು ಅದ್ರಲ್ಲೇ ನಡೀತಿತ್ತು.

ಪೆನ್ಷನ್ ಪಾಲಿಸೀಲಿ ಈ ಭಯ ಇಲ್ಲ, ತಗೊಂಡ ದಿನದ ರೇಟ್ ಕೊನೆವರೆಗೂ. ಏಜೆಂಟ್ ಹೇಳೋ ಮಾತಲ್ಲಿ ನಿಜವಾದ ತೂಕ ಇರೋದು ಇದೊಂದಕ್ಕೇ. ಅದಕ್ಕೇ ನಿಮ್ಮಪ್ಪನ 30 ಲಕ್ಷ ಇಟ್ಕೊಂಡೇ ಕೆಟ್ಟ ಲೆಕ್ಕ ಒಂದು ಹಾಕಿ ನೋಡೋಣ. ಮೊದಲ ಐದು ವರ್ಷ 8.2, ಆಮೇಲೆ ಬಡ್ಡಿ ಬಿದ್ದು ಜೀವನಪೂರ್ತಿ 5 ಪರ್ಸೆಂಟಲ್ಲೇ ನಿಂತುಬಿಡ್ತು ಅಂದ್ಕೊಳ್ಳಿ (2004ರಲ್ಲಿ ಸ್ಕೀಮ್ ಶುರು ಆದಾಗಿಂದ 7.4ಕ್ಕಿಂತ ಕೆಳಗೆ ಹೋಗಿಲ್ಲ, ಆದ್ರೂ). 65 ಆದ್ಮೇಲೆ 5 ಪರ್ಸೆಂಟಿಗೆ ತಿಂಗಳಿಗೆ 12,500 ಬಡ್ಡಿ, ಆದ್ರೆ ಮನೆಗೆ 20,500 ಬೇಕೇ ಬೇಕು, ಮಿಕ್ಕ 8,000 ಅಸಲಿಂದ ತೆಗೀತಾ ಹೋಗ್ತಾರೆ. ಹಾಗೆ ಅಸಲು ಕರಗ್ತಾ ಕರಗ್ತಾ ಪೂರ್ತಿ ಖಾಲಿ ಆಗೋಕೆ 19 ವರ್ಷ ಹಿಡಿಯತ್ತೆ, ಅಪ್ಪಂಗೆ 84 ಆಗಿರತ್ತೆ. 6 ಪರ್ಸೆಂಟ್ ಅಂದ್ಕೊಂಡ್ರೆ 87 ದಾಟತ್ತೆ. ಅಂದ್ರೆ ಅಸಲು ಬಿಟ್ಟುಕೊಡೋ ಪಾಲಿಸಿ ಇವತ್ತು ತಗೊಂಡಿದ್ದು ಸರಿ ಅನ್ನಿಸಬೇಕಾದ್ರೆ ಬಡ್ಡಿ ಅಷ್ಟು ಕೆಳಗೆ ಬಿದ್ದು ಅಲ್ಲೇ ಕೂರಬೇಕು, ಅಪ್ಪ 84ರ ಮೇಲೂ ಬದುಕಿರಬೇಕು, ಎರಡೂ ಆಗಬೇಕು. ಬದುಕಿರ್ಲಿ, ನೂರು ವರ್ಷ ಇರ್ಲಿ. ಆದ್ರೆ ನಡುವೆ ಒಂದು ಹಾರ್ಟ್ ಆಪರೇಷನ್ ಬಂದ್ರೆ ಎಸ್‌ಸಿಎಸ್‌ಎಸ್ ಮುರಿಸಬಹುದು, ಎರಡು ವರ್ಷ ಆದ್ಮೇಲೆ ಅಸಲಲ್ಲಿ 1 ಪರ್ಸೆಂಟ್ ಹಿಡ್ಕೋತಾರೆ, ವರ್ಷ ಆಗಿ ಎರಡು ವರ್ಷದ ಒಳಗಾದ್ರೆ ಒಂದೂವರೆ. ಅಸಲು ಬಿಟ್ಟುಕೊಟ್ಟ ಪಾಲಿಸೀಲಿ ಮುರಿಸೋಕೆ ದುಡ್ಡೇ ಇರಲ್ಲ.

ನಮ್ಮ ಸೋದರತ್ತೆ ಕಥೆ ಬೇರೆ. 72 ವಯಸ್ಸು, ಮಾವ ತೀರ್ಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಸಂಬಂಧಿಕರು ಒಬ್ಬರಾದ್ಮೇಲೊಬ್ರು ಬಂದು ಸೈಟಿಗೆ ಬೇಕು, ಮದುವೆಗೆ ಬೇಕು ಅಂತ ಕೇಳೋರು, ಅತ್ತೆಗೆ ಇಲ್ಲ ಅನ್ನೋಕೆ ಬರಲ್ಲ. ಎಕ್ಸ್‌ಟೆನ್ಷನ್‌ಗೆ ಅಂತ ಪೋಸ್ಟ್ ಆಫೀಸ್ ಕೌಂಟರ್ ಮುಂದೆ ನಿಲ್ಲೋಕೂ ಆಗ್ತಿರ್ಲಿಲ್ಲ. ಅವರಿಗೆ 10 ಲಕ್ಷ ಅಸಲು ವಾಪಸ್ ಬರದ ಪಾಲಿಸಿಗೇ ಹಾಕಿಸಿದ್ವಿ, ತಿಂಗಳಿಗೆ 9 ಸಾವಿರದ ಹತ್ರ ಬರತ್ತೆ. ವಯಸ್ಸು ಹೆಚ್ಚಾದಷ್ಟೂ ಇದರ ರೇಟ್ ಹೆಚ್ಚು, 70 ದಾಟಿದ್ರೆ 10 ಪರ್ಸೆಂಟಿಗೂ ಮೇಲೆ, ಅದನ್ನ ಎಸ್‌ಸಿಎಸ್‌ಎಸ್ ಕೊಡೋಕೆ ಆಗಲ್ಲ. ಒಂದು ಗಮನ ಇಡಬೇಕು, ವರ್ಷಕ್ಕೊಂದ್ಸಲ ಲೈಫ್ ಸರ್ಟಿಫಿಕೇಟ್ ಕೇಳಿದಾಗ ಕೊಡ್ಲಿಲ್ಲ ಅಂದ್ರೆ ಪೆನ್ಷನ್ ನಿಂತುಹೋಗತ್ತೆ, ಅದನ್ನ ನಾನೇ ನೋಡ್ಕೋತೀನಿ.

ನಿಮ್ಮನೆಗೂ ಅದಕ್ಕೇ 70ರ ಮಾತು ಹೇಳಿದ್ದು. ಆವಾಗ ಬಡ್ಡಿ ಬಿದ್ದಿದ್ರೆ, ಅಪ್ಪ ಆರೋಗ್ಯವಾಗಿದ್ರೆ, ಊಟ ಔಷಧಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ, 10 ಲಕ್ಷನೋ 12 ಲಕ್ಷನೋ, ಇಬ್ಬರ ಜೀವಕ್ಕೂ ಸೇರಿ ತಗೊಳ್ಳಿ. ಆಗ ಅಮ್ಮಂಗೂ 66 ಆಗಿರತ್ತೆ, ರೇಟ್ ಈಗಿನಷ್ಟು ಕಮ್ಮಿ ಇರಲ್ಲ. ಅದಕ್ಕೂ ಮೊದ್ಲು, ನಾಲ್ಕು ವರ್ಷಕ್ಕೆ ಅಮ್ಮಂಗೆ 60 ಆದಾಗ ಅವರ ಹೆಸರಲ್ಲೂ ಎಸ್‌ಸಿಎಸ್‌ಎಸ್ ತೆಗೀಬಹುದು, ಅವರದ್ದೇ ಬೇರೆ 30 ಲಕ್ಷದ ಲಿಮಿಟ್. ಎಂಐಎಸ್‌ನ ಅಲ್ಲಿಗೆ ಬದಲಾಯಿಸಬಹುದು.

ಅಕೌಂಟ್ ತೆಗೆಯೋವಾಗ ಎರಡು ವಿಷಯ ಮರೀಬೇಡಿ. ಒಂದು, 30 ಲಕ್ಷಕ್ಕೆ ವರ್ಷದ ಬಡ್ಡಿ 2.46 ಲಕ್ಷ, ಸೀನಿಯರ್‌ಗಳಿಗೆ 1 ಲಕ್ಷ ದಾಟಿದ್ರೆ ಟಿಡಿಎಸ್ ಹಿಡೀತಾರೆ, 61,500ರಲ್ಲಿ 6,150 ಹೋಗತ್ತೆ. ಅಪ್ಪಂಗೆ ಬೇರೆ ಆದಾಯ ಇಲ್ಲ ಅಂದ್ರೆ ಟ್ಯಾಕ್ಸೇ ಬರಲ್ಲ, ಹಾಗಾಗಿ 15ಎಚ್ ಅಂತ ಕರೀತಿದ್ವಲ್ಲ, ಆ ಘೋಷಣೆ ಫಾರ್ಮನ್ನ ಅಕೌಂಟ್ ತೆಗೆಯೋ ದಿನಾನೂ, ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಕೊಟ್ಟುಬಿಡಿ. ಎರಡು, ಮೆಚೂರಿಟಿ ತಾರೀಖು ನಿಮ್ಮ ಫೋನಲ್ಲಿ ಹಾಕ್ಕೊಳ್ಳಿ. ಐದು ವರ್ಷ ಆದ್ಮೇಲೆ ಎಕ್ಸ್‌ಟೆಂಡ್ ಮಾಡಿಸದೆ ಬಿಟ್ರೆ ಬರೀ ಎಸ್‌ಬಿ ಬಡ್ಡಿ, 4 ಪರ್ಸೆಂಟ್ ಲೆಕ್ಕ. ಬಂದ ಬಡ್ಡೀನ ತೆಗೆಯದೆ ಅಲ್ಲೇ ಬಿಟ್ರೆ ಅದಕ್ಕೆ ಮೇಲೆ ಬಡ್ಡಿ ಇಲ್ಲ, ಅದಕ್ಕೆ ಶುರುವಲ್ಲೇ ಎಸ್‌ಬಿ ಅಕೌಂಟಿಗೆ ತಾನಾಗೇ ಹೋಗೋ ಹಾಗೆ ಬರೆಸಿ.

ಅಪ್ಪ ಈಗಾಗ್ಲೇ ಏಜೆಂಟ್‌ಗೆ ಚೆಕ್ ಕೊಟ್ಟು ಸೈನ್ ಹಾಕಿದ್ರೆ ಗಾಬರಿ ಬೇಡ. ಪಾಲಿಸಿ ಕೈಗೆ ಸಿಕ್ಕಿದ ದಿನದಿಂದ 30 ದಿನದೊಳಗೆ ಬೇಡ ಅಂತ ಬರೆದು ಕಂಪನಿ ಆಫೀಸಿಗೇ ಕೊಟ್ಟು, ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ಸಣ್ಣ ಖರ್ಚು ಹಿಡ್ಕೊಂಡು ದುಡ್ಡು ವಾಪಸ್ ಕೊಡ್ತಾರೆ. ಏಜೆಂಟ್ ಕೈಗೆ ಮಾತ್ರ ಆ ಲೆಟರ್ ಕೊಡಬೇಡಿ, ನೀವೇ ಹೋಗಿ ಕೊಡಿ.