ಮೊಗೆಕಾಯಿ ಹುಳಿಗೆ ಎಲ್ಲ ಹಾಕಿದರೂ ಸಪ್ಪೆ ಎನಿಸುತ್ತದೆ. ಏನು ಸೇರಿಸಬೇಕು?

ಮೊದಲು ಉಪ್ಪು, ಆಮೇಲೆ ಹುಳಿ, ಬೆಲ್ಲ ಕೊನೆಗೆ.

ಉಪ್ಪು ತನ್ನ ರುಚಿಯನ್ನು ಕೊಡುವುದರ ಜೊತೆಗೆ ಕಹಿಯನ್ನೂ ಅಡಗಿಸುತ್ತದೆ. ಮೆಂತ್ಯ ಮತ್ತು ಹುರಿದ ಮಸಾಲೆಯ ಕಹಿ ತಗ್ಗಿದಾಗ ತೆಂಗಿನಕಾಯಿಯ ಸಿಹಿ ನಾಲಿಗೆಗೆ ತಿಳಿಯುತ್ತದೆ. ಹುಳಿ ಮತ್ತು ಸಿಹಿಯಾದರೋ ಒಂದನ್ನೊಂದು ತಗ್ಗಿಸುತ್ತವೆ. ಸಪ್ಪೆ ಎನಿಸಿದ ಕೂಡಲೇ ಜೋನಿಬೆಲ್ಲ ಸುರಿದರೆ ಇದ್ದ ಹುಳಿಯೂ ಮಂಕಾಗುತ್ತದೆ. ಶಿರಸಿ ಕಡೆಯ ಅಡುಗೆಮನೆಗಳಲ್ಲಿ ಬೆಲ್ಲದ ಡಬ್ಬ ಕೈಗೆಟುಕುವಲ್ಲೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಂದು ಲೀಟರ್ ಹುಳಿಗೆ ಸುಮಾರು ಒಂದೂವರೆ ಟೀ ಚಮಚ ಪುಡಿ ಉಪ್ಪು ಬೇಕಾಗುತ್ತದೆ. ನೀವು ಒಂದೇ ಚಮಚ ಹಾಕಿದ್ದರೆ ಕೊರತೆ ಅಲ್ಲೇ ಇದೆ. ಅನುಮಾನವಿದ್ದರೆ ಬಟ್ಟಲಿಗೆ ನಾಲ್ಕು ಚಮಚ ರಸ ತೆಗೆದು ಕೆಲವೇ ಕಣ ಪುಡಿ ಉಪ್ಪು ಕದಡಿ ನೋಡಿ. ರುಚಿ ಎದ್ದರೆ ಪಾತ್ರೆಗೂ ಹಾಕಿ, ಹೋಳು ಹೀರಿಕೊಳ್ಳಲು ಐದು ನಿಮಿಷ ಕುದಿಸಿ. ಬರೀ ಉಪ್ಪುಪ್ಪಾದರೆ ಕೊರತೆ ಹುಳಿಯದು: ಹುಣಸೆರಸವನ್ನೋ ವಾಟೆಹುಳಿ ನೆನೆಸಿದ ನೀರನ್ನೋ ಚಮಚ ಚಮಚವಾಗಿ ಸೇರಿಸಿ. ಹುಳಿ ಚುಚ್ಚತೊಡಗಿದರೆ ಮಾತ್ರ ಅರ್ಧ ಚಮಚ ಬೆಲ್ಲ.

ಉಪ್ಪು ಮಿತಿಮೀರಿದರೆ ಬೆಲ್ಲದಿಂದ ಸರಿಹೋಗದು. ನೀರು, ರುಬ್ಬಿದ ಕಾಯಿ ಸೇರಿಸಿ ಅಡುಗೆಯ ಒಟ್ಟು ಪ್ರಮಾಣವನ್ನೇ ಹೆಚ್ಚಿಸಬೇಕು.