ಲಾಭ ಇದ್ದರೂ ಬ್ಯಾಂಕಿನಲ್ಲಿ ದುಡ್ಡಿಲ್ಲ, ಮೂರು ತಿಂಗಳ ಕ್ಯಾಶ್ ಬಜೆಟ್ ಮಾಡುವುದು ಹೇಗೆ?

ಪ್ರಶ್ನೆ: ಮುಂದಿನ ಮೂರು ತಿಂಗಳ ಮಾರಾಟದ ಅಂದಾಜು ನನ್ನ ಹತ್ತಿರ ಇದೆ. ಗಿರಾಕಿಗಳು ಯಾವಾಗ ಕೊಡುತ್ತಾರೆ, ಸಪ್ಲೈಯರ್‌ಗಳಿಗೆ ಯಾವಾಗ ಕೊಡಬೇಕು ಅನ್ನುವುದೂ ಗೊತ್ತು. ಇದನ್ನೆಲ್ಲ ಸೇರಿಸಿ ಕ್ಯಾಶ್ ಬಜೆಟ್ ಹೇಗೆ ಮಾಡಲಿ? ಲಾಭ ಬರ್ತಾ ಇದೆ, ಆದರೂ ಸಂಬಳದ ಹೊತ್ತಿಗೆ ಪರದಾಟ.

ಉತ್ತರ:

ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದೇ ನನ್ನ ಕೆಲಸ, ಹಾಗಾಗಿ ಈ ಪರದಾಟ ದಿನಾ ನೋಡುತ್ತೇನೆ. ಕೂಡುವುದು ಕಳೆಯುವುದು ಬಿಟ್ಟು ಇದರಲ್ಲಿ ಬೇರೆ ಗಣಿತ ಇಲ್ಲ. ಕಷ್ಟ ಇರುವುದು ಒಂದೇ ಕಡೆ: ಯಾವ ದುಡ್ಡು ಯಾವ ತಿಂಗಳಲ್ಲಿ, ಆಮೇಲೆ ಯಾವ ವಾರದಲ್ಲಿ ಅನ್ನುವುದರಲ್ಲಿ.

ಮೊದಲು ವಸೂಲಿ. ನೀವು "ಗೊತ್ತು" ಅಂದಿದ್ದೀರಲ್ಲ, ಅದನ್ನು ಎಲ್ಲಿಂದ ತೆಗೆದುಕೊಂಡಿದ್ದೀರಿ ಅನ್ನುವುದು ಮುಖ್ಯ. ಬಿಲ್ ಮೇಲೆ 30 ದಿನ ಅಂತ ಬರೆದಿದೆ ಅಂತ ಬಜೆಟ್‌ನಲ್ಲೂ 30 ದಿನ ಹಾಕಿದರೆ ಅಲ್ಲೇ ಲೆಕ್ಕ ಕೆಟ್ಟಿತು. ಹಳೆಯ ಲೆಜರ್ ತೆಗೆಯಿರಿ. ಒಂದೊಂದು ತಿಂಗಳ ಮಾರಾಟವನ್ನೂ ಬೇರೆ ಹಿಡಿದು, ಅದರಲ್ಲಿ ಎಷ್ಟು ಪಾಲು ಅದೇ ತಿಂಗಳು ಬಂತು, ಎಷ್ಟು ಮುಂದಿನ ತಿಂಗಳು, ಎಷ್ಟು ಅದರ ಮುಂದಿನ ತಿಂಗಳು, ಎಷ್ಟು ಬರಲೇ ಇಲ್ಲ ಅಂತ ನೋಡಿ. ಸಾಧ್ಯವಾದರೆ ಒಂದು ವರ್ಷದ್ದು ಮಾಡಿ. "ಸರಾಸರಿ 38 ದಿನಕ್ಕೆ ಬರುತ್ತೆ" ಅನ್ನುವ ಒಂದೇ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಹತ್ತು ದಿನಕ್ಕೆ ಕೊಡುವವರು, ಎಪ್ಪತ್ತು ದಿನಕ್ಕೆ ಕೊಡುವವರು ಇಬ್ಬರೂ ಸೇರಿ ಆದ ಸರಾಸರಿ ಅದು. ಒಬ್ಬ ದೊಡ್ಡ ಗಿರಾಕಿ ಇದ್ದರೆ ಅವರನ್ನು ಈ ಶೇಕಡಾವಾರಿನೊಳಗೆ ಸೇರಿಸಬೇಡಿ, ಅವರಿಗೆ ಬೇರೆಯೇ ಒಂದು ಸಾಲು ಹಾಕಿ, ಅವರ ಬಿಲ್ ಯಾವ ತಾರೀಕಿಗೆ ಪಾಸಾಗುತ್ತದೆ ಅಂತ ಕೇಳಿಯೇ ಬರೆಯಿರಿ.

ಈಗ ಒಂದು ಉದಾಹರಣೆ. ಅಂಕಿಗಳೆಲ್ಲ ಲಕ್ಷದಲ್ಲಿ. ಮೇ ಮಾರಾಟ 20, ಜೂನ್ 24, ಇವೆರಡೂ ಆಗಿಹೋಗಿರುವವು. ಅಂದಾಜು ಜುಲೈಗೆ 30, ಆಗಸ್ಟ್‌ಗೆ 40, ಸೆಪ್ಟೆಂಬರ್‌ಗೆ 36, ಅಕ್ಟೋಬರ್‌ಗೆ 30. ನಮ್ಮ ಬಜೆಟ್ ಮೂರು ತಿಂಗಳದ್ದೇ ಆದರೂ ಹಿಂದಿನ ಎರಡು ತಿಂಗಳು, ಮುಂದಿನ ಒಂದು ತಿಂಗಳು ಬೇಕೇ ಬೇಕು, ಯಾಕೆ ಅಂತ ಈಗಲೇ ಗೊತ್ತಾಗುತ್ತೆ. ಮಾರಾಟದಲ್ಲಿ ಶೇ. 20 ಅದೇ ತಿಂಗಳು ಬರುತ್ತದೆ, ಶೇ. 50 ಮುಂದಿನ ತಿಂಗಳು, ಶೇ. 25 ಅದರ ಮುಂದಿನ ತಿಂಗಳು. ಉಳಿದ ಶೇ. 5 ವಾಪಸಾದ ಮಾಲು, ರಿಯಾಯಿತಿ, ಮುಳುಗಿದ ಬಾಕಿ, ಏನಾದರೂ ಆಗಬಹುದು, ಬಜೆಟ್‌ನಲ್ಲಿ ಮಾತ್ರ ಅದು ಸೊನ್ನೆ.

ಹಾಗಾದರೆ ಜುಲೈನಲ್ಲಿ ಕೈಗೆ ಬರುವುದು ಜುಲೈನ 30ರಲ್ಲಿ 6, ಜೂನ್‌ನ 24ರಲ್ಲಿ 12, ಮೇ ತಿಂಗಳ 20ರಲ್ಲಿ 5, ಒಟ್ಟು 23. ಸ್ಪ್ರೆಡ್‌ಶೀಟ್‌ನಲ್ಲಿ ಎರಡನೇ ಸಾಲಿನಲ್ಲಿ ಮಾರಾಟ, B ಕಾಲಮ್ ಮೇ, C ಜೂನ್, D ಜುಲೈ ಅಂತಿಟ್ಟುಕೊಂಡರೆ ಜುಲೈ ವಸೂಲಿ ಹೀಗೆ:

```
=0.20*D2 + 0.50*C2 + 0.25*B2
```

ಇದನ್ನೇ ಬಲಕ್ಕೆ ಎಳೆದರೆ ಆಗಸ್ಟ್‌ಗೆ 29, ಸೆಪ್ಟೆಂಬರ್‌ಗೆ 34.7 ಬರುತ್ತದೆ. ಮೂರು ತಿಂಗಳ ಮಾರಾಟ 106, ಕೈಗೆ ಬರುವುದು 86.7.

ಇನ್ನು ಸಪ್ಲೈಯರ್. ಇಲ್ಲಿ ಎರಡು ಹೆಜ್ಜೆ ಇವೆ, ಜನ ಒಂದನ್ನು ಹಾರಿಸಿಬಿಡುತ್ತಾರೆ. ಮೊದಲು ಖರೀದಿ ಯಾವಾಗ, ಆಮೇಲೆ ಅದಕ್ಕೆ ದುಡ್ಡು ಯಾವಾಗ. ಮಾಲಿನ ಖರ್ಚು ಮಾರಾಟದ ಶೇ. 60, ಒಂದು ತಿಂಗಳು ಮುಂಚೆಯೇ ಮಾಲು ತರಿಸಬೇಕು ಅಂತಿಟ್ಟುಕೊಳ್ಳಿ. ಆಗ ಜೂನ್ ಖರೀದಿ 18, ಜುಲೈನದು 24 (ಆಗಸ್ಟ್‌ನ 40ಕ್ಕೆ), ಆಗಸ್ಟ್‌ನದು 21.6, ಸೆಪ್ಟೆಂಬರ್‌ನದು 18. ಅಕ್ಟೋಬರ್ ಅಂದಾಜು ಯಾಕೆ ಬೇಕಿತ್ತು ಅಂತ ಗೊತ್ತಾಯಿತಲ್ವಾ. ಅರ್ಧ ದುಡ್ಡು ಖರೀದಿ ಮಾಡಿದ ತಿಂಗಳ ಕೊನೆಯಲ್ಲಿ, ಉಳಿದರ್ಧ ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಅನ್ನುವುದು ಒಪ್ಪಂದ. ಹಾಗಾಗಿ ಜುಲೈನಲ್ಲಿ ಹೋಗುವುದು 21, ಆಗಸ್ಟ್‌ನಲ್ಲಿ 22.8, ಸೆಪ್ಟೆಂಬರ್‌ನಲ್ಲಿ 19.8.

ಸಂಬಳ, ಬಾಡಿಗೆ, ಕರೆಂಟ್ ಇತ್ಯಾದಿ ತಿಂಗಳಿಗೆ 5. ಆಗಸ್ಟ್‌ನಲ್ಲಿ ವಿಮೆ, ತೆರಿಗೆ ಕಂತು ಸೇರಿ ಇನ್ನೂ 4. ಸವಕಳಿ ಹಾಕಬೇಡಿ, ಅದು ಪುಸ್ತಕದಲ್ಲಿ ಬರೆಯುವ ಖರ್ಚು, ಬ್ಯಾಂಕಿನಿಂದ ಯಾರಿಗೂ ಹೋಗುವುದಿಲ್ಲ. ಸಾಲದ ಅಸಲಿನ ಕಂತು ಇದಕ್ಕೆ ಉಲ್ಟಾ: ಲಾಭ ನಷ್ಟದ ಪಟ್ಟಿಯಲ್ಲಿ ಕಾಣುವುದಿಲ್ಲ, ಇಲ್ಲಿ ಹಾಕಲೇಬೇಕು. ಬಿಲ್ ಮೇಲೆ ಮಾರಾಟ ತೆರಿಗೆ ವಸೂಲಿ ಮಾಡುತ್ತಿದ್ದರೆ ಬರುವ ಸಾಲಿನಲ್ಲೂ ಕಟ್ಟುವ ಸಾಲಿನಲ್ಲೂ ಅದನ್ನು ತೋರಿಸಿ. ಇಲ್ಲಿ ಸುಲಭವಾಗಲಿ ಅಂತ ನಾನು ಅವೆರಡನ್ನೂ ಬಿಟ್ಟಿದ್ದೇನೆ.

ಜುಲೈ ಆರಂಭದ ಶಿಲ್ಕು 6 ಅಂತಿರಲಿ. 23 ಬಂತು, 26 ಹೋಯಿತು, ಉಳಿದದ್ದು 3. ಆಗಸ್ಟ್‌ನಲ್ಲಿ 29 ಬಂತು, 31.8 ಹೋಯಿತು, ಉಳಿದದ್ದು 0.2, ಅಂದರೆ ಇಪ್ಪತ್ತು ಸಾವಿರ. ಸೆಪ್ಟೆಂಬರ್‌ನಲ್ಲಿ 34.7 ಬಂದು 24.8 ಹೋಗಿ ಅಖೇರಿ ಶಿಲ್ಕು 10.1.

ಮೂರು ತಿಂಗಳಿಗೆ ಸೇರಿಸಿ ಒಂದೇ ಕಾಲಮ್ ಹಾಕಿದ್ದರೆ 6ರಿಂದ 10.1ಕ್ಕೆ ಏರಿದ್ದು ನೋಡಿ ಖುಷಿಯಾಗಿರುತ್ತಿದ್ದೆವು. ತಿಂಗಳು ತಿಂಗಳು ಬಿಡಿಸಿದ್ದಕ್ಕೆ ಆಗಸ್ಟ್ ಬಿಗಿ ಅಂತ ಕಾಣಿಸಿತು. ಆದರೂ "ಸೊನ್ನೆಗಿಂತ ಮೇಲಿದೆಯಲ್ಲ, ನಡೆಯುತ್ತೆ" ಅನಿಸುತ್ತದೆ. ನಡೆಯುವುದಿಲ್ಲ. ಬಹಳ ಜನ ಬಜೆಟ್ ಮಾಡಿಯೂ ಸಿಕ್ಕಿಬೀಳುವುದು ಇಲ್ಲೇ. ಬಿಗಿ ಇರುವ ತಿಂಗಳನ್ನು ವಾರಕ್ಕೆ ಒಡೆಯಬೇಕು. ಮೂರೂ ತಿಂಗಳನ್ನಲ್ಲ, ಸುಮ್ನೆ ಶ್ರಮ, ಆ ಒಂದನ್ನು ಸಾಕು.

ಸಂಬಳ, ಬಾಡಿಗೆ ಮೊದಲ ವಾರ ಹೋಗುತ್ತವೆ. ಜುಲೈ ಖರೀದಿಯ ಉಳಿದರ್ಧ 12, ಹತ್ತನೇ ತಾರೀಕಿಗೆ. ತೆರಿಗೆ, ವಿಮೆ ಮೂರನೇ ವಾರ. ಆಗಸ್ಟ್ ಖರೀದಿಯ ಅರ್ಧ 10.8 ಕೊನೆಯ ವಾರ. ಗಿರಾಕಿಗಳು ಮಾತ್ರ, ನಿಮಗೂ ಗೊತ್ತಿರುತ್ತೆ, ತಿಂಗಳ ಕೊನೆಗೇ ಜಾಸ್ತಿ ಕೊಡುವುದು.

| ಆಗಸ್ಟ್ | ಬರುವುದು | ಹೋಗುವುದು | ಉಳಿಯುವುದು |
|---|---|---|---|
| ವಾರ 1 | 3 | 5 | 1 |
| ವಾರ 2 | 5 | 12 | −6 |
| ವಾರ 3 | 7 | 4 | −3 |
| ವಾರ 4 | 14 | 10.8 | 0.2 |

ತಿಂಗಳ ಕೊನೆಗೆ ಅದೇ 0.2. ಆದರೆ ಎರಡನೇ ವಾರ 6 ಲಕ್ಷ ಕಡಿಮೆ ಬೀಳುತ್ತದೆ. ಕನಿಷ್ಠ 2 ಲಕ್ಷ ಕೈಯಲ್ಲಿರಲಿ ಅಂದರೆ ನಿಮಗೆ ಬೇಕಾಗಿರುವುದು 8. ಓವರ್‌ಡ್ರಾಫ್ಟ್ ಕೇಳುವುದಾದರೆ ಕೇಳಬೇಕಾದ ಅಂಕಿ ಅದು, ತಿಂಗಳ ಲೆಕ್ಕ ತೋರಿಸುವ 1.8 ಅಲ್ಲ. ಜೂನ್ ಕೊನೆಯಲ್ಲೇ ಈ ಹಾಳೆ ಹಿಡಿದು ಹೋದರೆ ಬ್ಯಾಂಕಿನವರೂ ಕೂತು ಮಾತಾಡುತ್ತಾರೆ, ಯಾಕೆಂದರೆ ಸೆಪ್ಟೆಂಬರ್‌ನಲ್ಲಿ ಎಲ್ಲಿಂದ ತೀರಿಸುತ್ತೀರಿ ಅನ್ನುವುದೂ ಅದರಲ್ಲೇ ಇದೆ. ಆಗಸ್ಟ್ 9ಕ್ಕೆ ಹೋದರೆ ಕಥೆ ಬೇರೆ.

ಸಾಲಕ್ಕಿಂತ ಮೊದಲು ನಾನು ಸಪ್ಲೈಯರ್ ಹತ್ತಿರ ಮಾತಾಡಲು ಹೇಳುತ್ತೇನೆ. ಆ 12ರಲ್ಲಿ 6 ಮಾತ್ರ ಹತ್ತಕ್ಕೆ, ಇನ್ನು 6 ಕೊನೆಯ ವಾರಕ್ಕೆ ಅಂತ ಒಪ್ಪಿಸಿದರೆ ಎರಡನೇ ವಾರದ ಉಳಿಕೆ ಸೊನ್ನೆ, ಮೂರನೇ ವಾರ 3, ಕೊನೆಗೆ ಅದೇ 0.2. ಒಂದು ಪೈಸೆ ಕಡಿಮೆ ಮಾಡಿಸಿಲ್ಲ, ತಾರೀಕು ಮಾತ್ರ ಸರಿಸಿದ್ದು, ಬೇಕಾದ ಸಾಲ 8ರಿಂದ 2ಕ್ಕೆ ಇಳಿಯಿತು. ಒಂದು ಎಚ್ಚರಿಕೆ: ಬೇಗ ಕೊಟ್ಟರೆ ಸಿಗುವ ರಿಯಾಯಿತಿ ಏನಾದರೂ ಇದ್ದರೆ ಅದು ತಪ್ಪುತ್ತದೆ. ಅದನ್ನು ಓವರ್‌ಡ್ರಾಫ್ಟ್ ಬಡ್ಡಿ ಜೊತೆ ಹೋಲಿಸಿ ನೋಡಿ. ಎರಡು ವಾರದ ಬಡ್ಡಿಗಿಂತ ಶೇ. 2 ರಿಯಾಯಿತಿ ಬಹುತೇಕ ದೊಡ್ಡದೇ ಆಗಿರುತ್ತದೆ, ಆಗ ಸಾಲ ಮಾಡಿ ಬೇಗ ಕೊಡುವುದೇ ಲಾಭ.

ನಿಮ್ಮ ಇನ್ನೊಂದು ಮಾತು, ಲಾಭ ಇದೆ ದುಡ್ಡಿಲ್ಲ ಅನ್ನುವುದು. ಇದೇ ಉದಾಹರಣೆಯಲ್ಲಿ ನೋಡಿ. ಮಾರಾಟ 106, ಮಾಲಿನ ಖರ್ಚು 63.6, ಬರದೇ ಹೋಗುವ ಬಾಕಿ 5.3, ಉಳಿದ ಖರ್ಚು 19. ಲಾಭ 18.1. ಕ್ಯಾಶ್ ಏರಿದ್ದು ಬರೀ 4.1. ಮಿಕ್ಕ 14 ಎಲ್ಲಿ? ಗಿರಾಕಿಗಳ ಹತ್ತಿರ. ಜೂನ್ ಕೊನೆಗೆ ಅವರಿಂದ ಬರಬೇಕಾದದ್ದು 23 ಇತ್ತು (ಜೂನ್‌ನ 18, ಮೇ ತಿಂಗಳ 5), ಸೆಪ್ಟೆಂಬರ್ ಕೊನೆಗೆ 37 ಆಗಿದೆ (ಸೆಪ್ಟೆಂಬರ್‌ನ 27, ಆಗಸ್ಟ್‌ನ 10). ಮಾಲಿನ ದಾಸ್ತಾನು, ಸಪ್ಲೈಯರ್ ಬಾಕಿ ಎರಡೂ ಶುರುವಿನಲ್ಲಿ ಇದ್ದಷ್ಟೇ ಇವೆ. ನಿಮ್ಮ ಬಜೆಟ್ ಮುಗಿದ ಮೇಲೆ ಈ ತಾಳೆ ನೋಡಿ. ಲಾಭಕ್ಕೂ ಕ್ಯಾಶಿಗೂ ಇರುವ ವ್ಯತ್ಯಾಸ ಬಾಕಿ, ದಾಸ್ತಾನು, ಸವಕಳಿ, ಸಾಲದ ಅಸಲು, ಹೊಸದಾಗಿ ಕೊಂಡ ಯಂತ್ರ ಇಂಥವುಗಳಲ್ಲಿ ಪೂರ್ತಿ ಸಿಗಬೇಕು. ಸಿಗದಿದ್ದರೆ ಯಾವುದೋ ಸಾಲು ತಪ್ಪಿದೆ.

ಇದರಿಂದಲೇ ಇನ್ನೊಂದು ವಿಚಿತ್ರ. ಆಗಸ್ಟ್ ಮಾರಾಟ 40ರ ಬದಲು 50 ಆದರೆ ಆಗಸ್ಟ್‌ನ ಪರಿಸ್ಥಿತಿ ಸುಧಾರಿಸುವುದಿಲ್ಲ, ಕೆಡುತ್ತದೆ. 10 ಜಾಸ್ತಿ ಮಾರಲು ಜುಲೈನಲ್ಲಿ 6ರ ಮಾಲು ಜಾಸ್ತಿ ತರಿಸಬೇಕು, ಆ 6 ಪೂರ್ತಿ ಆಗಸ್ಟ್‌ನೊಳಗೆ ಕೊಟ್ಟಾಗಿರುತ್ತದೆ, ಗಿರಾಕಿಯಿಂದ ಆಗಸ್ಟ್‌ನಲ್ಲಿ ಬರುವುದು 2 ಮಾತ್ರ. ತಿಂಗಳ ಕೊನೆ 4 ಕಡಿಮೆ. ಮಾರಾಟದವರು ದೊಡ್ಡ ಆರ್ಡರ್ ತಂದಾಗ ಲೆಕ್ಕದವರ ಮುಖ ಬಾಡುವುದು ಹೊಟ್ಟೆಕಿಚ್ಚಿಗಲ್ಲ.

ಕೊನೆಗೆ, ಹಾಳೆಯನ್ನು ಒಂದು ಸಲ ಕೆಡಿಸಿ ನೋಡಿ. ಮಾರಾಟದ ಅಂದಾಜನ್ನು ಎಲ್ಲರೂ ಏರಿಸಿ ಇಳಿಸಿ ನೋಡುತ್ತಾರೆ, ವಸೂಲಿಯನ್ನು ಮುಟ್ಟುವುದೇ ಇಲ್ಲ. ಜುಲೈ ಮಾರಾಟದಿಂದ ಮುಂದಿನ ತಿಂಗಳ ಶೇ. 50ನ್ನು 40 ಮಾಡಿ, ಅದರ ಮುಂದಿನ 25ನ್ನು 35 ಮಾಡಿ. ಯಾರೂ ಮುಳುಗಿಸಿಲ್ಲ, ಕೆಲವರು ಒಂದು ತಿಂಗಳು ತಡ ಮಾಡಿದರು ಅಷ್ಟೇ. ಆಗಸ್ಟ್ ವಸೂಲಿ 26ಕ್ಕೆ ಇಳಿದು ತಿಂಗಳ ಕೊನೆ −2.8. ಇದು ನಿಜವಾಗಿ ಶುರುವಾಗಿದೆಯೇ ಅಂತ ಆಗಸ್ಟ್ ಕೊನೆವರೆಗೆ ಕಾಯಬೇಕಿಲ್ಲ. ಜೂನ್ ಬಿಲ್‌ಗಳಿಂದ ಜುಲೈನಲ್ಲಿ 12 ಬರಬೇಕಿತ್ತು. ಜುಲೈ 20ಕ್ಕೆ, ಹಿಂದಿನ ತಿಂಗಳುಗಳಲ್ಲಿ ಅದೇ ತಾರೀಕಿಗೆ ಎಷ್ಟು ಪಾಲು ಬಂದಿರುತ್ತಿತ್ತೋ ಅದಕ್ಕೆ ಹೋಲಿಸಿ. ಕಡಿಮೆ ಇದ್ದರೆ ಆಗಸ್ಟ್ ಮಾಲಿನ ಆರ್ಡರ್‌ನಲ್ಲಿ ಇನ್ನೂ ಕಳಿಸದೇ ಇರುವ ಭಾಗವನ್ನು ತಡೆಹಿಡಿಯಲು ನಿಮಗೆ ಹತ್ತು ದಿನ ಇರುತ್ತದೆ. ಪ್ರತಿ ತಿಂಗಳು ಮುಗಿದಾಗ ನಿಜವಾದ ಅಂಕಿ ಹಾಕಿ, ಮುಂದಕ್ಕೆ ಇನ್ನೊಂದು ತಿಂಗಳು ಸೇರಿಸಿ, ಆಗ ಯಾವಾಗ ನೋಡಿದರೂ ಮುಂದಿನ ಮೂರು ತಿಂಗಳು ಕಣ್ಣ ಮುಂದಿರುತ್ತದೆ.

ನಿಮ್ಮ ಅಂಕಿಗಳಲ್ಲಿ ಯಾವುದಾದರೂ ಸಾಲು ಎಲ್ಲಿ ಹಾಕಬೇಕು ಅಂತ ಗೊತ್ತಾಗದಿದ್ದರೆ ಕೆಳಗೆ ಕೇಳಿ.