ಹೆಚ್ಚು ಮಾರುವವನನ್ನೇ ಮ್ಯಾನೇಜರ್ ಮಾಡಬೇಕೆ?

ಮಂಡ್ಯದಲ್ಲಿ ಪಂಪ್‌ಸೆಟ್ಟು, ಹನಿ ನೀರಾವರಿ ಸಾಮಾನುಗಳ ವಿತರಕರೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಸೇಲ್ಸ್ ಮ್ಯಾನೇಜರ್ ಹುದ್ದೆ ಖಾಲಿಯಾಗಿತ್ತು. ಆರು ಜನರಲ್ಲಿ ಪಾಂಡವಪುರ ರೂಟಿನ ಹುಡುಗನೊಬ್ಬನೇ ಮೂರನೇ ಒಂದು ಪಾಲು ಮಾರುತ್ತಿದ್ದ. ಇನ್ನೊಂದು ಕಡೆ, ಮೈಸೂರಿನಲ್ಲಿ ತಂಡ ನಡೆಸಿದ ಅನುಭವಿಯೊಬ್ಬರು ಬರಲು ಸಿದ್ಧರಿದ್ದರು. "ಇವನಿಗೆ ಕೊಡ್ದಿದ್ರೆ ಬಿಟ್ಟೋಯ್ತಾನೆ ಸಾರ್" ಎನ್ನುವುದೇ ಮಾಲೀಕರ ಭಯ.

ಅವನ ಮಾರಾಟದ ಲೆಕ್ಕ ಬದಿಗಿಟ್ಟು, ಅವನ ಜೊತೆ ಓಡಾಡಿದ ಹೊಸಬರು ಏನಾದರು ಎಂದು ಕೇಳಿದೆ. ಇಬ್ಬರನ್ನು ಕಳಿಸಿದ್ದರಂತೆ. ಅಂಗಡಿಗೆ ಹೋದರೆ ಮಾತೆಲ್ಲ ಇವನದೇ, ಅವರು ಬ್ಯಾಗು ಹಿಡಿದು ನಿಂತಿರುತ್ತಿದ್ದರು. ಒಬ್ಬ ಕೆಲಸ ಬಿಟ್ಟ, ಇನ್ನೊಬ್ಬ ಇವತ್ತಿಗೂ ರೇಟು ಹೇಳುವ ಮುಂಚೆ ಇವನಿಗೆ ಫೋನ್ ಮಾಡುತ್ತಾನೆ. ನನಗೆ ಇದೇ ದೊಡ್ಡ ಸುಳಿವು. ಅಮೆರಿಕದ ಮಾರಾಟ ತಂಡಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೂ, ಹೆಚ್ಚು ಮಾರುತ್ತಿದ್ದವರನ್ನು ಮೇಲೇರಿಸಿದಾಗ ಅವರ ಕೈಕೆಳಗಿನವರ ಮಾರಾಟ ಇಳಿಯುವುದನ್ನು ಕಂಡಿತ್ತು.

ಹಾಗಂತ ಹೊರಗಿನವರೇ ಸರಿ ಎಂದಲ್ಲ. ಅಲ್ಲಿಯದೇ ಒಂದು ಹೂಡಿಕೆ ಬ್ಯಾಂಕಿನ ದಾಖಲೆಗಳ ಪ್ರಕಾರ, ಹೊರಗಿನಿಂದ ಬಂದವರಿಗೆ ಸುಮಾರು ಶೇ. 18 ಹೆಚ್ಚು ಸಂಬಳ ಕೊಟ್ಟರೂ ಮೊದಲ ಎರಡು ವರ್ಷ ಅವರ ಕೆಲಸ ಒಳಗಿನವರಿಗಿಂತ ಕಡಿಮೆ ಅಂಕ ಪಡೆದಿತ್ತು. ಮಂಡ್ಯದ ಅಂಗಡಿಯವರ ಬಾಕಿಯಂತೂ ರೈತರ ಕಬ್ಬಿನ ಬಿಲ್ಲು ಬಂದಮೇಲೆಯೇ ತೀರುವುದು. ಯಾರನ್ನು ಯಾವಾಗ ಒತ್ತಾಯಿಸಬೇಕೆಂದು ತಿಳಿಯದವರು ಬಂದ ತಕ್ಷಣ 45 ದಿನದಲ್ಲಿ ಬಾಕಿ ತೀರಿಸಬೇಕೆಂಬ ನಿಯಮ ಹಾಕಿದರೆ ಹಳೆಯ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ.

ಸಲಹೆ ಇಷ್ಟು. ಮೊದಲು ಹುಡುಗನನ್ನೇ ಕೇಳಿ. ಅದುವರೆಗೆ ಯಾರೂ ಕೇಳಿರಲಿಲ್ಲ! ಒಪ್ಪಿದರೆ ಮೂರು ತಿಂಗಳು ಪ್ರಭಾರ ಕೊಡಿ. ಕೊನೆಯ ದಿನಾಂಕ, ಭತ್ಯೆ, ಆಗದಿದ್ದರೆ ಸಂಬಳ ಕಡಿತವಿಲ್ಲದೆ ಹಳೆಯ ರೂಟಿಗೆ ಮರಳುವ ಮಾತು, ಮೂರೂ ಪತ್ರದಲ್ಲಿರಲಿ. ಹತ್ತು ಅಂಗಡಿ ಮಾತ್ರ ಅವನ ಬಳಿ ಉಳಿಯಲಿ. ಕಮಿಷನ್ ತಂಡದ ಮಾರಾಟದ ಮೇಲೆ ಬರಲಿ. ಇಲ್ಲದಿದ್ದರೆ ಮ್ಯಾನೇಜರ್ ಆದಮೇಲೆ ಕೈಗೆ ಬರುವ ದುಡ್ಡು ಕಡಿಮೆಯಾಗಿ, ಮತ್ತೆ ತಾನೇ ಮಾರಲು ಓಡುತ್ತಾನೆ.

ಅಳೆಯುವಾಗ ಅವನ ಅಂಗಡಿಗಳನ್ನು ಕಳೆದು, ಉಳಿದ ಐವರ ಮಾರಾಟವನ್ನು ಹೋದ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ. ವಸೂಲಿಯನ್ನೂ ಹಾಗೆಯೇ. ಬೇಸಿಗೆಯಲ್ಲಿ ಪಂಪು ತಾನಾಗಿ ಹೋಗುತ್ತದೆ, ಆ ಏರಿಕೆ ಯಾರ ಸಾಧನೆಯೂ ಅಲ್ಲ. ತಿಂಗಳ ಕೊನೆಯಲ್ಲಿ ಬೇರೆಯವರ ಅಂಗಡಿಗೆ ತಾನೇ ಹೋಗಿ ಆರ್ಡರ್ ತಂದರೆ, ಕಲಿಸುತ್ತಿಲ್ಲ ಎಂದೇ ಅರ್ಥ. ಮೈಸೂರಿನವರಿಗೆ ಈ ವಿಷಯ ಈಗಲೇ ನೇರವಾಗಿ ತಿಳಿಸಿ. ಅವರನ್ನು ತೆಗೆದುಕೊಳ್ಳುವ ಕಾಲ ಬಂದರೆ, ಅವರ ಮೇಲಧಿಕಾರಿಯನ್ನಲ್ಲ, ಕೈಕೆಳಗೆ ದುಡಿದ ಇಬ್ಬರನ್ನು ವಿಚಾರಿಸಿ.

ಎರಡು ವಾರದ ನಂತರ ಮಾಲೀಕರು ತಂದ ಉತ್ತರ: ಹುಡುಗನಿಗೆ ಬೇಕಿದ್ದದ್ದು ಹೆಚ್ಚಿನ ಸಂಬಳ. ಊರೂರು ತಿರುಗುವುದನ್ನು ಬಿಡಲು ಮನಸ್ಸಿಲ್ಲ, ಆದರೆ ತನ್ನನ್ನು ಕೇಳದೆ ಇನ್ನೊಬ್ಬರನ್ನು ಕೂರಿಸಿದ್ದರೆ ಅವಮಾನವಾಗುತ್ತಿತ್ತಂತೆ. ಅವನಿಗೆ ಹಿರಿಯ ಮಾರಾಟಗಾರನ ದರ್ಜೆ, ಸಂಬಳ ಏರಿಸಿ ಕೊಟ್ಟು, ಮೈಸೂರಿನವರ ಸಂದರ್ಶನಕ್ಕೆ ಅವನನ್ನೂ ಕೂರಿಸಿಕೊಳ್ಳಲು ಹೇಳಿದೆ.